ತಾಂಬೂಲಕ್ಕೆ ಮುನ್ನ ಹೇಳಬೇಕಾದ ಮಾತು

ಹಿರಿಯರು ನೋಡಿ ಕೂಡಿಸುವ ವಿವಾಹಸಂಬಂಧಗಳಲ್ಲಿ, ಜಾತಕಗಳು ಹೊಂದಿ, ಗೋತ್ರಗಳು ಬೇರೆಯೆಂದು ನಿಶ್ಚಯವಾಗಿ, ವರನ ಕಡೆಯವರು ಬಂದು ಹುಡುಗಿಯನ್ನು ನೋಡಿ, ಉಪ್ಪಿಟ್ಟು ಕೇಸರಿಭಾತುಗಳ ಉಪಚಾರವನ್ನು ಸ್ವೀಕರಿಸಿ ಹಿಂದಿರುಗಿದ ಮೇಲೆ, ಹೂವು ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತುಮಾಡುವುದಕ್ಕೆ ಮೊದಲು, ಕೆಲವು ವಾರಗಳ ಒಂದು ಅವಧಿ ನಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿಕೊಂಡಿದೆ. “ಹುಡುಗ ಹುಡುಗಿ ನಾಲ್ಕು ಮಾತಾಡಿಕೊಳ್ಳಲಿ” ಎಂದು ಹಿರಿಯರೇ ಮುಂದಾಗಿ ಹೇಳಿ, ಪರಸ್ಪರರ ಫೋನು ಸಂಖ್ಯೆಗಳನ್ನು ಕೊಟ್ಟು, ತಾವು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವ ಅವಧಿ ಇದು. ಒಪ್ಪುವುದಕ್ಕೂ ಒಪ್ಪದಿರುವುದಕ್ಕೂ ಸಮಾನವಾದ ಎಡೆಯಿರಲೆಂದು ಏರ್ಪಟ್ಟ ಈ ಪದ್ಧತಿಯಲ್ಲಿ, ಒಪ್ಪುವುದು ಹೇಗೆಂಬುದು ಎಲ್ಲರಿಗೂ ಗೊತ್ತು. ಎರಡು ಮನೆಗಳೂ ಉತ್ಸಾಹದಿಂದಿರುವಾಗ ಒಪ್ಪದಿರುವುದು ಹೇಗೆಂಬುದನ್ನು ಮಾತ್ರ ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ. ಹೀಗಾಗಿ ಎಷ್ಟೋ ಸಜ್ಜನರ ಮನೆಗಳಲ್ಲಿ ಈ ಒಂದು ಕೆಲಸ ಕೆಟ್ಟ ರೀತಿಯಲ್ಲಿ ನಡೆದು, ಬೇಡವೆಂದವರಿಗೂ ಬೇಡವೆನ್ನಿಸಿಕೊಂಡವರಿಗೂ ಬಹುಕಾಲ ಉಳಿಯುವ ನೋವಾಗುತ್ತಿರುವುದನ್ನು ನಾನು ಕಂಡಿದ್ದೇನೆ.

ಹಿಂದಿನವರಿಗೆ ಇದಕ್ಕೊಂದು ಗೊತ್ತಾದ ಕ್ರಮವಿತ್ತು. ಹುಡುಗಿಯನ್ನು ನೋಡಿದವರು ಹೊರಡುವಾಗ “ಊರಿಗೆ ಹೋಗಿ ಕಾಗದ ಬರೆಯುತ್ತೇವೆ” ಎನ್ನುತ್ತಿದ್ದರು. ಒಪ್ಪಿಗೆಯಿದ್ದರೆ ಕಾಗದ ಬೇಗ ಬರುತ್ತಿತ್ತು. ಇಲ್ಲದಿದ್ದರೆ ತಡವಾಗಿ ಬರುತ್ತಿತ್ತು, ಇಲ್ಲವೆ ಬರುತ್ತಲೇ ಇರಲಿಲ್ಲ. ಮರ್ಯಾದಸ್ಥರು ಹುಡುಗಿಯ ಭಾವಚಿತ್ರವನ್ನೂ ಜಾತಕದ ಪ್ರತಿಯನ್ನೂ ಲಕೋಟೆಯಲ್ಲಿಟ್ಟು ಎರಡು ಸಾಲು ಬರೆದು ಹಿಂದಕ್ಕೆ ಕಳುಹಿಸುತ್ತಿದ್ದರು. ಆ ಕ್ರಮದಲ್ಲಿ ಕ್ರೌರ್ಯವಿರಲಿಲ್ಲವೆಂದಲ್ಲ. ಅಂಚೆಯವನ ದಾರಿಯನ್ನು ಕಾಯುತ್ತ ಕುಳಿತ ಹೆಣ್ಣುಮಕ್ಕಳ ದುಃಖವನ್ನು ನಮ್ಮ ಹಿರಿಯರ ತಲೆಮಾರು ಚೆನ್ನಾಗಿ ಬಲ್ಲುದು. ಆದರೆ ಅಲ್ಲಿ ಬೇಡವೆಂದವರೂ ಬೇಡವೆನ್ನಿಸಿಕೊಂಡವರೂ ಪರಸ್ಪರ ಅಪರಿಚಿತರಾಗಿರುತ್ತಿದ್ದರು. ಈಗ ಹಾಗಲ್ಲ. ನಾಲ್ಕೈದು ಸಂಜೆ ಮಾತನಾಡಿದವರಿಗೆ ಒಬ್ಬರ ಧ್ವನಿ ಇನ್ನೊಬ್ಬರಿಗೆ ಪರಿಚಿತವಾಗಿರುತ್ತದೆ. ಊಟವೇನು, ಕಚೇರಿಯಲ್ಲಿ ಕೆಲಸವೆಷ್ಟು, ಅಜ್ಜಿಯ ಮಂಡಿನೋವು ಹೇಗಿದೆಯೆಂಬುದೆಲ್ಲ ತಿಳಿದಿರುತ್ತದೆ. ಹಾಗೆ ಪರಿಚಿತನಾದ ಒಬ್ಬ ಸಭ್ಯನಿಗೆ, ಅವನಲ್ಲಿ ಯಾವ ದೋಷವೂ ಇಲ್ಲದಿರುವಾಗ, ನೀನು ಬೇಡವೆಂದು ಹೇಳಬೇಕಾಗಿ ಬರುವುದು ಈ ಹೊಸ ಅವಧಿಯ ಕಷ್ಟ.

ಸಮೀಪದಿಂದ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಹುಡುಗಿಯ ತವರು ಹಾಸನ. ಅವಳಿಗೆ ಬೆಂಗಳೂರಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ. ಹುಡುಗನ ಮನೆ ಶಿವಮೊಗ್ಗದಲ್ಲಿ. ಅವನು ಪುಣೆಯಲ್ಲಿ ಇಂಜಿನಿಯರು. ಸಂಬಂಧವನ್ನು ತಂದವರು ಹುಡುಗಿಯ ಸೋದರತ್ತೆ. ಮೂವತ್ತಾರು ಗುಣಗಳಲ್ಲಿ ಹದಿನೆಂಟು ಕೂಡಿದರೆ ಸಾಕೆನ್ನುವ ಜೋಯಿಸರು ಇಲ್ಲಿ ಇಪ್ಪತ್ತಾರು ಕೂಡಿದೆಯೆಂದು ಹೇಳಿದ್ದರು. ಎರಡು ಮನೆಯ ಊಟ ಉಡುಗೆ ಆಚಾರಗಳು ಒಂದೇ; ಹುಡುಗನ ತಂದೆಯೂ ಹುಡುಗಿಯ ತಂದೆಯೂ ಉಪಾಧ್ಯಾಯವೃತ್ತಿಯಲ್ಲಿದ್ದು ನಿವೃತ್ತರಾದವರು; ಮೊದಲ ಭೇಟಿಯಲ್ಲಿಯೇ ಇಬ್ಬರೂ ಹಳೆಯ ಸ್ನೇಹಿತರಂತೆ ಜಗಲಿಯ ಮೇಲೆ ಕುಳಿತು ಒಂದು ಗಂಟೆ ಮಾತನಾಡಿದರು. ವರದಕ್ಷಿಣೆಯ ಪ್ರಸ್ತಾಪವೇ ಇಲ್ಲ. ಇಂತಹ ಸಂಬಂಧ ದೊರೆತರೆ ಯಾವ ಮನೆಯಲ್ಲಿ ತಾನೇ ಸಂತೋಷಪಡರು?

ಈ ಸಂತೋಷಕ್ಕೆ ಪಂಚಾಂಗವೂ ಒಂದು ಅವಸರವನ್ನು ಕೂಡಿಸಿತ್ತು. ನೋಡುವ ಶಾಸ್ತ್ರ ನಡೆದದ್ದು ಫಾಲ್ಗುಣದಲ್ಲಿ. ಹುಡುಗ ಹುಡುಗಿಯರಿಬ್ಬರೂ ಜ್ಯೇಷ್ಠಸಂತಾನವಾದ್ದರಿಂದ ಜ್ಯೇಷ್ಠಮಾಸದ ಮುಹೂರ್ತ ಆಗದು. ಅದರ ಮುಂದೆ ಆಷಾಢ. ವೈಶಾಖ ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು. ವೈಶಾಖದಲ್ಲಿಯೇ ಆಗಬೇಕಾದರೆ ಛತ್ರಕ್ಕೆ ಈಗಲೇ ಮುಂಗಡ ಕೊಡಬೇಕು. ಮಾತುಕತೆಯ ಅವಧಿಯಲ್ಲಿರುವ ಮಕ್ಕಳಿಗೆ ಬರುವ ಒತ್ತಾಯದಲ್ಲಿ ಬಹುಪಾಲು ಯಾರ ದುರಾಗ್ರಹದಿಂದಲೂ ಬಂದುದಲ್ಲ, ಛತ್ರದ ದಿನಾಂಕದಿಂದ ಬಂದುದು ಎಂಬುದನ್ನು ಹಿರಿಯರೂ ಕಿರಿಯರೂ ತಿಳಿದಿದ್ದರೆ ಎಷ್ಟೋ ಕಟುವಾದ ಮಾತುಗಳು ಮನೆಯೊಳಗೆ ಹುಟ್ಟದೆ ಹೋದಾವು.

ಮಾತುಕತೆಗಳು ನಡೆದವು. ಹುಡುಗನು ವಿನಯಶಾಲಿ, ಅವಳ ಕೆಲಸದ ವಿಷಯವನ್ನು ಕೇಳಿ ತಿಳಿದುಕೊಂಡ, ಮದುವೆಯಾದ ಮೇಲೆ ಪುಣೆಯಲ್ಲಿ ಅವಳಿಗೆ ಕೆಲಸ ದೊರೆಯುವ ಆಸ್ಪತ್ರೆಗಳನ್ನು ಕೂಡ ವಿಚಾರಿಸಿಟ್ಟಿದ್ದ. ಅವಳಿಗೆ ಅವನಲ್ಲಿ ಎಣಿಸಿ ಹೇಳುವಂತಹ ಕೊರತೆಯೊಂದೂ ಕಾಣಲಿಲ್ಲ. ಆದರೆ ಒಂದು ಸಂಜೆ “ಇವತ್ತು ಕೆಲಸ ಜಾಸ್ತಿ, ಫೋನ್ ಮಾಡೋಕಾಗಲ್ಲ, ಕ್ಷಮಿಸಿ” ಎಂದು ಅವನಿಂದ ಸಂದೇಶ ಬಂದಾಗ, ತನ್ನ ಮನಸ್ಸಿಗೆ ನಿರಾಸೆಯಾಗಬೇಕಾದ ಎಡೆಯಲ್ಲಿ ಒಂದು ಬಿಡುಗಡೆಯ ಭಾವ ಬಂದುದನ್ನು ಅವಳು ಗಮನಿಸಿದಳು. ಮರುದಿನವೂ ಅವನು ಫೋನು ಮಾಡದಿದ್ದರೆ ಒಳ್ಳೆಯದೆಂದು ತನಗೆ ತೋರುತ್ತಿರುವುದನ್ನು ಕಂಡು ಭೀತಳಾದಳು. ಇದು ಒಂದು ದಿನದ ಆಯಾಸವಿರಬಹುದೆಂದು ತನಗೆ ತಾನೇ ಹೇಳಿಕೊಂಡು, ಇನ್ನೂ ಎರಡು ಸಲ ಮನಸ್ಸಿಟ್ಟು ಮಾತನಾಡಿದಳು. ಭಾವ ಬದಲಾಗಲಿಲ್ಲ.

ಇಲ್ಲಿ ಒಂದು ವಿವೇಚನೆ ಅವಶ್ಯಕ. ಎಲ್ಲ ಹಿಂಜರಿಕೆಯೂ ನಿರಾಕರಣೆಯಲ್ಲ. ಊರು ಬದಲಾಗುವ ಅಂಜಿಕೆ, ಅತ್ತೆಮಾವಂದಿರ ಜೊತೆ ಬಾಳುವ ಅಳುಕು, ಕೆಲಸ ಬಿಡಬೇಕಾಗುವುದೋ ಎಂಬ ಸಂದೇಹ, ಇವು ಒಪ್ಪಿದವರಿಗೂ ಇರತಕ್ಕವೇ. ಇವುಗಳನ್ನು ನಿರಾಕರಣೆಯಿಂದ ಬೇರ್ಪಡಿಸುವುದಕ್ಕೆ, ನನಗೆ ತಿಳಿದಮಟ್ಟಿಗೆ, ಒಂದು ಪ್ರಶ್ನೆ ಸಾಕು: ಈ ಒಂದು ತೊಡಕು ನಾಳೆ ಬೆಳಗಾಗುವುದರೊಳಗೆ ಸರಿಹೋದರೆ ನಾನು ಒಪ್ಪುತ್ತೇನೆಯೆ? ಒಪ್ಪುತ್ತೇನೆಂದು ಮನಸ್ಸು ಹೇಳಿದರೆ, ಅದು ಎದುರಿನವರೊಡನೆ ನೇರವಾಗಿ ಚರ್ಚಿಸತಕ್ಕ ವಿಷಯವೇ ಹೊರತು ಸಂಬಂಧವನ್ನು ಬಿಡತಕ್ಕ ಕಾರಣವಲ್ಲ. ತೊಡಕು ಸರಿಹೋದರೂ ಒಪ್ಪಲಾರೆನೆಂದು ಹೇಳಿದರೆ, ಆ ತೊಡಕು ನಿಜವಾದ ಕಾರಣವಲ್ಲ. ಆದುದರಿಂದ ಅದನ್ನು ಕಾರಣವೆಂದು ಯಾರಿಗೂ ಹೇಳಲಾಗದು. ಹಾಸನದ ಈ ಹುಡುಗಿ ತನ್ನನ್ನು ತಾನು ಹೀಗೆಯೇ ಕೇಳಿಕೊಂಡಳು. ಪುಣೆಯ ಬದಲು ಅವನು ಬೆಂಗಳೂರಿನಲ್ಲಿಯೇ ಇದ್ದಿದ್ದರೆ? ಆಗಲೂ ಇಲ್ಲವೆಂಬ ಉತ್ತರವೇ ಬಂದಿತು.

ಮೊದಲು ಯಾರಿಗೆ ಹೇಳುವುದು? ಹುಡುಗನಿಗೆ ಮೊದಲು ಹೇಳಿಬಿಟ್ಟರೆ, ಅವನ ಮನೆಯಿಂದ ಸೋದರತ್ತೆಗೆ, ಅವರಿಂದ ತಂದೆತಾಯಿಗಳಿಗೆ ಸುದ್ದಿ ಮುಟ್ಟಿ, ತಮ್ಮ ಮಗಳ ಮನಸ್ಸನ್ನು ಪರರ ಬಾಯಿಂದ ಕೇಳಬೇಕಾದ ಅವಮಾನ ಅವರಿಗಾಗುತ್ತದೆ. ಆ ಅವಮಾನದಿಂದ ಹುಟ್ಟುವ ಕೋಪ, ನಿರಾಕರಣೆಯಿಂದ ಹುಟ್ಟುವ ಬೇಸರಕ್ಕಿಂತ ಹೆಚ್ಚು ದಿನ ಉಳಿಯುವಂಥದು. ಅವಳು ಶುಕ್ರವಾರ ರಾತ್ರಿಯ ಬಸ್ಸಿಗೆ ಊರಿಗೆ ಹೋದಳು. ಫೋನಿನಲ್ಲಿ ಹೇಳಬಹುದಾಗಿದ್ದ ಮಾತನ್ನು ಎದುರು ಕುಳಿತು ಹೇಳಲು ಹೋದದ್ದೇ ಅರ್ಧ ಕೆಲಸವನ್ನು ಸುಗಮಮಾಡಿತೆಂದು ನನ್ನ ನಂಬಿಕೆ. ಬೆಳಗಿನ ಕಾಫಿಯಾದ ಮೇಲೆ, ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದ ತಾಯಿಗೆ ಹೇಳಿದಳು.

“ಅಮ್ಮ, ಈ ಸಂಬಂಧ ನನಗೆ ಬೇಡ. ಅವರು ಒಳ್ಳೆಯವರು. ಆದರೆ ನನ್ನ ಮನಸ್ಸು ಒಪ್ತಾ ಇಲ್ಲ.”

“ಏನಂದ ಅವನು?”

“ಏನೂ ಅಂದಿಲ್ಲಮ್ಮ.”

“ಏನೂ ಅನ್ನದೆ ಇದ್ದರೆ ಬೇಡ ಅನ್ನೋಕೆ ಏನಿದೆ? ಇಷ್ಟು ಒಳ್ಳೆ ಮನೆತನ ಮತ್ತೆ ಸಿಗುತ್ತೇನೇ? ನಾನೇನು ನಿಮ್ಮಪ್ಪನ ಜೊತೆ ಮಾತಾಡಿ ಮದುವೆ ಆದೆನಾ?”

ತಾಯಿಯ ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಕೊಡಲು ಹೋಗಲೂಬಾರದು. ಅದು ಮಗಳ ತೀರ್ಮಾನವನ್ನು ಕುರಿತ ವಾದವಲ್ಲ. ತನ್ನ ಬಾಳನ್ನೇ ಮಗಳು ಅಲ್ಲಗಳೆಯುತ್ತಿರುವಳೋ ಎಂಬ ಸಂಕಟ. ಹುಡುಗಿ ವಾದಿಸಲಿಲ್ಲ. “ನಿನಗೆ ಬೇಜಾರಾಗುತ್ತೆ ಅಂತ ಗೊತ್ತಮ್ಮ” ಎಂದಷ್ಟೇ ಹೇಳಿ, ಉಳಿದ ಹುರುಳಿಕಾಯಿಯನ್ನು ತಾನೂ ಸೋಸತೊಡಗಿದಳು. ತಾಯಿ ಅಂದು ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ತಂದೆ ಸಂಜೆಯವರೆಗೂ ಏನೂ ಮಾತನಾಡದೆ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: “ಇನ್ನೊಂದು ತಿಂಗಳು ಸಮಯ ತಗೊಂಡರೆ ಮನಸ್ಸು ಬದಲಾಗಬಹುದು ಅನ್ನಿಸುತ್ತಾ?” “ಇಲ್ಲಪ್ಪ” ಎಂದಳು. “ಹಾಗಾದರೆ ಅವರನ್ನು ಕಾಯಿಸೋದು ತಪ್ಪು” ಎಂದರು ಅವರು. ಮಕ್ಕಳ ತೀರ್ಮಾನವನ್ನು ತಾವು ಒಪ್ಪದೆಯೂ ಗೌರವಿಸಬಲ್ಲ ತಂದೆಯರು ನಮ್ಮಲ್ಲಿ ನಾವು ಭಾವಿಸುವುದಕ್ಕಿಂತ ಹೆಚ್ಚಾಗಿ ಇದ್ದಾರೆ. ಅವರನ್ನು ಎದುರಾಳಿಗಳೆಂದು ಮೊದಲೇ ಎಣಿಸಿ ಮಾತು ಆರಂಭಿಸುವುದು ದೊಡ್ಡ ಅನ್ಯಾಯ.

ಇನ್ನು ಆ ಮನೆಯವರಿಗೆ ಏನು ಕಾರಣ ಹೇಳುವುದೆಂಬ ಆಲೋಚನೆ ಬಂದಿತು; ಈ ವಿಷಯದಲ್ಲೆಲ್ಲ ಹೆಚ್ಚಿನ ಅನರ್ಥಗಳು ಸಂಭವಿಸುವುದು ಇಲ್ಲಿಯೇ. ತಾಯಿಗೆ ಪುಣೆ ದೂರವಾಯಿತೆಂದು ಹೇಳಿಬಿಡುವುದು ಸುಲಭವಾಗಿ ಕಂಡಿತು. ಸುಳ್ಳಾದರೂ ಮೃದುವಾದ ಸುಳ್ಳು. ಯಾರ ಮನಸ್ಸೂ ನೋಯದು. ಆದರೆ ಹೇಳಿದ ಕಾರಣಕ್ಕೆ ಪರಿಹಾರ ಹುಡುಕುವುದು ಸಂಬಂಧವನ್ನು ಬಯಸಿದವರ ಸಹಜಧರ್ಮ. ನಮ್ಮ ಪರಿಚಿತರ ಮನೆಯೊಂದರಲ್ಲಿ ಇದೇ ರೀತಿ ಊರು ದೂರವೆಂದು ಹೇಳಿ ಕಳುಹಿಸಿದ್ದರು. ಹುಡುಗನ ಕಡೆಯವರು ಅದನ್ನು ನಿರಾಕರಣೆಯೆಂದು ತಿಳಿಯದೆ, ಷರತ್ತೆಂದು ತಿಳಿದರು. ಹುಡುಗನು ತನ್ನ ಕಚೇರಿಯಲ್ಲಿ ಬೇಡಿಕೊಂಡು, ಬರಬೇಕಾಗಿದ್ದ ಬಡ್ತಿಯನ್ನು ಬಿಟ್ಟು, ಬೆಂಗಳೂರಿಗೆ ವರ್ಗ ಮಾಡಿಸಿಕೊಂಡ. ಅವನ ತಾಯಿ ಆ ಶುಭವಾರ್ತೆಯನ್ನು ಸಿಹಿಯೊಡನೆ ತಂದು ಹೇಳಿದಾಗ, ಈ ಮನೆಯವರು ನಿಜವನ್ನು ಹೇಳಲೇಬೇಕಾಯಿತು. ಮೊದಲ ದಿನವೇ ಹೇಳಿದ್ದರೆ ಒಂದು ವಾರದ ಬೇಸರದಲ್ಲಿ ಮುಗಿಯುತ್ತಿದ್ದುದು, ಆ ಹುಡುಗನ ವೃತ್ತಿಜೀವನದ ನಷ್ಟವಾಗಿ ಪರಿಣಮಿಸಿತು. ಸರಿಪಡಿಸಲು ಸಾಧ್ಯವಾದ ಯಾವ ಕಾರಣವನ್ನೂ ನಿರಾಕರಣೆಗೆ ಕೊಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಜಾತಕದ ನೆಪವಂತೂ ಇನ್ನೂ ಅಪಾಯಕಾರಿ. ಗುಣಗಳು ಕೂಡಿವೆಯೆಂದು ಒಮ್ಮೆ ಹೇಳಿದ ಮೇಲೆ, ಈಗ ಬೇರೆ ಜೋಯಿಸರನ್ನು ಕೇಳಿದೆವು, ಕೂಡಲಿಲ್ಲವೆಂದರೆ, ಅವರೂ ಇನ್ನೊಬ್ಬ ಜೋಯಿಸರನ್ನು ಕೇಳುತ್ತಾರೆ. ಶಾಂತಿಯೊಂದನ್ನು ಮಾಡಿಸಿದರೆ ದೋಷ ನಿವಾರಣೆಯಾಗುತ್ತದೆಂದು ಹೇಳಿಸಿಕೊಂಡು ಬರುತ್ತಾರೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ದೋಷವೆಂಬ ಮಾತು ಬಂದಮೇಲೆ ಅದು ಯಾರ ಜಾತಕದಲ್ಲಿ ಎಂಬ ಪ್ರಶ್ನೆ ಬರುತ್ತದೆ. ವರನ ಕಡೆಯವರು ಈ ನೆಪವನ್ನು ಹೂಡಿದಾಗಲಂತೂ, ಹುಡುಗಿಗೆ ಕುಜದೋಷವಂತೆ, ಮೂಲಾ ನಕ್ಷತ್ರವಂತೆ ಎಂಬ ಸುದ್ದಿ ಬಂಧುವರ್ಗದಲ್ಲಿ ಹಬ್ಬುತ್ತದೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು ಮಾವನಿಗೆ ಆಗಳೆಂದೂ ಆಶ್ಲೇಷೆಯವಳು ಅತ್ತೆಗೆ ಆಗಳೆಂದೂ ನಂಬುವ ಮನೆಗಳು ಇಂದಿಗೂ ಇರುವ ನಾಡಿನಲ್ಲಿ, ತಮ್ಮ ಸಂಕೋಚವನ್ನು ಕಳೆದುಕೊಳ್ಳುವುದಕ್ಕಾಗಿ ಒಬ್ಬ ಹೆಣ್ಣುಮಗಳ ನಕ್ಷತ್ರಕ್ಕೆ ಕಳಂಕ ಹಚ್ಚುವುದನ್ನು ಸೌಜನ್ಯವೆನ್ನಲು ನನ್ನಿಂದಾಗದು. ಜಾತಕವನ್ನು ನಂಬುವವರು ಮೊದಲೇ ನೋಡಿ, ಕೂಡದಿದ್ದರೆ ಮಾತುಕತೆಯನ್ನೇ ಆರಂಭಿಸದಿರಲಿ. ಆರಂಭಿಸಿದ ಮೇಲೆ ಅದನ್ನು ಮತ್ತೆ ಬಿಚ್ಚುವ ಅಧಿಕಾರ ಅವರಿಗಿಲ್ಲ.

“ಈಗಲೇ ಮದುವೆ ಬೇಡ ಅಂತಾಳೆ” ಎಂಬ ಮೂರನೆಯ ನೆಪವೊಂದಿದೆ. ಇದನ್ನು ಕೇಳಿದ ಸಜ್ಜನರು ಏನು ಮಾಡುತ್ತಾರೆ? ಕಾಯುತ್ತಾರೆ. ಬಂದ ಬೇರೆ ಸಂಬಂಧಗಳನ್ನು ಹಿಂದಕ್ಕೆ ಕಳುಹಿಸುತ್ತಾರೆ. ಆರು ತಿಂಗಳಾದ ಮೇಲೆ ಆ ಹುಡುಗಿಯದೋ ಹುಡುಗನದೋ ಲಗ್ನಪತ್ರಿಕೆ ಯಾರದೋ ಮನೆಯ ದೇವರ ಮುಂದೆ ಇಟ್ಟಿರುವುದನ್ನು ಕಂಡು, ತಾವು ಇಷ್ಟು ದಿನ ಮೋಸಹೋದೆವೆಂದು ಅರಿಯುತ್ತಾರೆ. ಬೇಡವೆಂದುದಕ್ಕೆ ಹಗೆ ಸಾಧಿಸಿದ ಮನೆಗಳನ್ನು ನಾನು ಅಪರೂಪವಾಗಿ ಕಂಡಿದ್ದೇನೆ. ಹೀಗೆ ಕಾಯಿಸಿದ್ದಕ್ಕೆ ಮಾತು ಬಿಟ್ಟ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಹಾಗಾದರೆ ಉಳಿಯುವುದೇನು? ಹುಡುಗಿ ತಾಯಿಗೆ ಮೊದಲು ಹೇಳಿದ ಮಾತೇ: ಅವರು ಒಳ್ಳೆಯವರು, ನನ್ನ ಮನಸ್ಸು ಒಪ್ಪುತ್ತಿಲ್ಲ. ಇದಕ್ಕೆ ಪರಿಹಾರ ಮಾಡಿಸುವವರಿಲ್ಲ. ಇದರಿಂದ ಯಾರ ಕುಲಕ್ಕಾಗಲಿ ರೂಪಕ್ಕಾಗಲಿ ನಕ್ಷತ್ರಕ್ಕಾಗಲಿ ಸಂಬಳಕ್ಕಾಗಲಿ ಕುಂದು ತಗಲದು. ಯಾರು ಎಷ್ಟು ಸಲ ಕೇಳಿದರೂ ಮಾತು ಬದಲಾಯಿಸುವ ಅಗತ್ಯ ಬೀಳದು. ಅಷ್ಟು ಸಾಲದೆಂದು ನಮ್ಮ ಹಿರಿಯರಿಗೆ ತೋರುವುದು ಸ್ವಾಭಾವಿಕ. ಆದರೆ ಶಾಸ್ತ್ರವೂ ಕಾನೂನೂ ಕೂಡ ಇಲ್ಲಿ ಮನಸ್ಸಿಗೆ ಎಡೆಕೊಟ್ಟಿವೆ. ಕೊಟ್ಟ ಕನ್ಯೆಯನ್ನು ಹಿಂದಕ್ಕೆ ಪಡೆಯುವವನು ಕಳ್ಳನಂತೆ ದಂಡಾರ್ಹನೆಂದು ಹೇಳುವ ಯಾಜ್ಞವಲ್ಕ್ಯಸ್ಮೃತಿ, ಅದೇ ಶ್ಲೋಕದಲ್ಲಿ, ಹೆಚ್ಚು ಯೋಗ್ಯನಾದ ವರನು ಬಂದರೆ ಮಾತು ಕೊಟ್ಟ ಮೇಲೂ ಹಿಂದೆಗೆಯಬಹುದೆಂದು ಹೇಳುತ್ತದೆ. 1955ರ ಹಿಂದೂ ವಿವಾಹ ಅಧಿನಿಯಮ, ಸಪ್ತಪದಿಯಿರುವ ವಿವಾಹಗಳಲ್ಲಿ ಏಳನೆಯ ಹೆಜ್ಜೆಯಿಟ್ಟಾಗಲೇ ವಿವಾಹ ಪೂರ್ಣವಾಯಿತೆಂದು ವಿಧಿಸುತ್ತದೆ. ಹೀಗಿರುವಾಗ, ವೀಳ್ಯದೆಲೆ ಅಡಕೆಗಳ ತಾಂಬೂಲವೂ ಬದಲಾಗದ, ಪುರೋಹಿತರು ಲಗ್ನಪತ್ರಿಕೆಯನ್ನು ಓದದ ಹಂತದಲ್ಲಿ ಹೇಳುವ ಬೇಡವೆಂಬ ಮಾತನ್ನು ವಚನಭಂಗವೆಂದು ಭಾವಿಸುವುದು ಸರಿಯಲ್ಲ. ತಾಂಬೂಲ ಬದಲಾದ ಮೇಲೆ ಲೋಕದ ಮಾತು ಬೇರೆಯಾಗುತ್ತದೆ. ಆಗ ಅದು ಬೇಡವೆಂದ ಸಂಬಂಧವಾಗಿ ಉಳಿಯದೆ ಮುರಿದ ಸಂಬಂಧವೆನ್ನಿಸಿಕೊಳ್ಳುತ್ತದೆ, ಮುಂದೆ ವಿಚಾರಿಸಲು ಬರುವವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಮನಸ್ಸು ಒಪ್ಪದಿರುವುದು ಗೊತ್ತಾದಮೇಲೆ ಹೂ ಮುಡಿಸುವ ದಿನವನ್ನು ಹತ್ತಿರ ಬರಗೊಡಬಾರದೆಂಬುದು ಈ ಕಾರಣಕ್ಕೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗಿ ತಾನೇ ಫೋನು ಮಾಡಿದಳು. ಶನಿವಾರ ರಾತ್ರಿಯೇ ಹೇಳಿಬಿಡುವ ಆತುರ ಅವಳಿಗಿತ್ತು. ದೀಪ ಹಚ್ಚಿದ ಮೇಲೆ ಬೇಡವೆಂಬ ಮಾತು ಬೇಡ, ರಾತ್ರಿಯಿಡೀ ಆ ಹುಡುಗ ನಿದ್ದೆಗೆಡುವುದು ಬೇಡವೆಂದು ತಾಯಿಯೇ ತಡೆದರು. ಮಗಳ ತೀರ್ಮಾನಕ್ಕೆ ಇನ್ನೂ ಒಗ್ಗದೆ ಇದ್ದ ಆ ತಾಯಿಯ ಅಂತಃಕರಣದಲ್ಲಿ ಪರರ ಮಗನ ನಿದ್ರೆಗೂ ಸ್ಥಳವಿದ್ದುದನ್ನು ಇಲ್ಲಿ ಬರೆಯದೆ ಇರಲಾರೆ. ಸಂದೇಶ ಬರೆದು ಕಳುಹಿಸಿದರೆ ಸಾಲದೆ ಎಂದು ಹುಡುಗಿಯ ತಮ್ಮ ಕೇಳಿದ್ದನಂತೆ. ಒಂದೇ ಒಂದು ಸಲ ಮಾತನಾಡಿದ್ದವರಿಗೆ ಅದು ಸಾಕು. ಹಲವು ಸಂಜೆ ಮಾತನಾಡಿದವನಿಗೆ ಧ್ವನಿಯಿಂದಲೇ ಹೇಳಬೇಕು. ಅವಳು ಆಡಿದ ಮಾತು ಹೆಚ್ಚುಕಡಿಮೆ ಹೀಗಿತ್ತು:

“ನಮಸ್ಕಾರ. ಐದು ನಿಮಿಷ ಮಾತಾಡಬಹುದಾ? ಒಂದು ಕಷ್ಟದ ವಿಷಯ ಹೇಳಬೇಕು. ಈ ಸಂಬಂಧ ಮುಂದುವರಿಸೋದು ಬೇಡ ಅಂತ ನಾನು ತೀರ್ಮಾನ ಮಾಡಿದ್ದೀನಿ. ಅಪ್ಪ ಅಮ್ಮನಿಗೆ ಹೇಳಿದ್ದೀನಿ, ಅಪ್ಪ ಇವತ್ತೇ ನಿಮ್ಮ ತಂದೆಗೆ ಫೋನ್ ಮಾಡ್ತಾರೆ. ಅದಕ್ಕಿಂತ ಮೊದಲು ನಾನೇ ನಿಮಗೆ ಹೇಳಬೇಕು ಅನ್ನಿಸಿತು.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, “ನಾನು ಏನಾದರೂ ತಪ್ಪು ಮಾತಾಡಿದ್ನಾ?” ಎಂದ.

“ಖಂಡಿತ ಇಲ್ಲ. ನೀವು ಪ್ರತಿ ಸಲವೂ ಗೌರವದಿಂದ ಮಾತಾಡಿದ್ದೀರಿ. ನನ್ನ ಮನಸ್ಸು ಒಪ್ಪಲಿಲ್ಲ, ಅಷ್ಟೇ. ಅದಕ್ಕೆ ನಿಮ್ಮ ಕಡೆಯಿಂದ ಕಾರಣ ಏನೂ ಇಲ್ಲ.”

“ಇನ್ನೊಂದು ಸ್ವಲ್ಪ ದಿನ ನೋಡಬಹುದಿತ್ತೇನೋ.”

“ನಾನೂ ಯೋಚನೆ ಮಾಡಿದೆ. ನಿಮ್ಮನ್ನು ಕಾಯಿಸೋದು ಸರಿಯಲ್ಲ.”

ಈ ಮಾತುಗಳಲ್ಲಿ ಗಮನಿಸತಕ್ಕದ್ದು, ತೀರ್ಮಾನವು ಮೊದಲ ನಾಲ್ಕು ವಾಕ್ಯಗಳೊಳಗೇ ಬಂದಿದೆಯೆಂಬುದು. ಕ್ಷೇಮಸಮಾಚಾರ ವಿಚಾರಿಸುತ್ತ, ಪೀಠಿಕೆ ಬೆಳೆಸುತ್ತ ಹೋದರೆ ಕೇಳುವವನು ಬೇರೆ ಏನನ್ನೋ ನಿರೀಕ್ಷಿಸತೊಡಗುತ್ತಾನೆ. ಎರಡನೆಯದು, ಅವಳು “ಅಪ್ಪ ಅಮ್ಮ ಬೇಡ ಅಂತಿದ್ದಾರೆ” ಎಂದು ಹಿರಿಯರ ಹಿಂದೆ ಅಡಗಲಿಲ್ಲ. ಹಾಗೆ ಹೇಳಿದ್ದರೆ ಅವರನ್ನು ಒಪ್ಪಿಸಲು ಅವನು ಪ್ರಯತ್ನಿಸುತ್ತಿದ್ದ. ಇನ್ನು “ಮುಂದೆ ಒಳ್ಳೆಯ ಸ್ನೇಹಿತರಾಗಿರೋಣ” ಎಂಬ ಮಾತನ್ನು ಅವಳು ಆಡದೆ ಬಿಟ್ಟದ್ದು ನನಗೆ ಹೆಚ್ಚು ಮೆಚ್ಚಿಕೆಯಾಯಿತು. ಆ ಮಾತು ಕೇಳಲು ಹಿತವಾಗಿದ್ದರೂ, ಬಾಗಿಲನ್ನು ಅರ್ಧ ತೆರೆದಿಟ್ಟು ಎದುರಿನವನನ್ನು ಹೊಸ್ತಿಲ ಮೇಲೆ ನಿಲ್ಲಿಸಿದಂತೆ.

ಹನ್ನೊಂದು ಗಂಟೆಗೆ ತಂದೆ ಶಿವಮೊಗ್ಗಕ್ಕೆ ಫೋನು ಮಾಡಿದರು. ಮಗನು ತಾಯಿಗೆ ಹೇಳುವಷ್ಟು ಸಮಯ ಕಳೆದಿತ್ತು. ತಾಯಿ ಸೋದರತ್ತೆಯನ್ನು ಕೇಳಿ ಗೊಂದಲ ಬೆಳೆಸುವಷ್ಟು ಸಮಯ ಕಳೆದಿರಲಿಲ್ಲ. “ಸ್ವಾಮಿ, ನಿಮ್ಮಂಥವರ ಮನೆಯ ಸಂಬಂಧ ತಪ್ಪಿಹೋಗೋದು ನನಗೂ ಸಂಕಟದ ವಿಷಯ. ಹುಡುಗಿ ಮನಸ್ಸು ಒಪ್ಪಲಿಲ್ಲ. ನಿಮ್ಮ ಹುಡುಗನ ವಿಷಯದಲ್ಲಾಗಲಿ ನಿಮ್ಮ ವಿಷಯದಲ್ಲಾಗಲಿ ಹೇಳೋಕೆ ಒಂದು ಮಾತೂ ಇಲ್ಲ” ಎಂದರು. ಆ ಕಡೆಯವರು, ಅಂತಹ ಹೊತ್ತಿನಲ್ಲಿ ಎಲ್ಲರೂ ಕೇಳುವಂತೆ, “ಇನ್ನೊಂದು ಸಲ ಮಗೂನ ಕೂರಿಸಿ ಕೇಳಿ ನೋಡಿ” ಎಂದರು. “ಕೇಳಿದ್ದೀನಿ, ಅವಳ ತೀರ್ಮಾನ ಗಟ್ಟಿಯಾಗಿದೆ” ಎಂದು ಇವರು ಉತ್ತರಿಸಿದರು. “ನೋಡೋಣ, ಹೇಳಿ ನೋಡ್ತೀನಿ” ಎಂಬ ಮೂರು ಪದಗಳು ದಾಕ್ಷಿಣ್ಯದಿಂದ ಬಾಯಿಗೆ ಬಂದಿದ್ದರೆ, ಅಷ್ಟು ಹೊತ್ತಿನ ಶ್ರಮವೆಲ್ಲ ವ್ಯರ್ಥವಾಗಿ, ಮುಂದಿನ ವಾರ ಇನ್ನೊಂದು ಫೋನು, ಅದರ ಮುಂದಿನ ವಾರ ಹಿರಿಯರೊಬ್ಬರ ಭೇಟಿ, ಹೀಗೆ ಎಳೆದುಕೊಂಡೇ ಹೋಗುತ್ತಿತ್ತು.

ಸೋದರತ್ತೆಯ ಮನೆಗೆ ತಂದೆಮಗಳಿಬ್ಬರೂ ಅದೇ ಸಂಜೆ ತಾವೇ ಹೋದರು. ಮಧ್ಯಸ್ಥಿಕೆ ವಹಿಸಿದವರ ಕಷ್ಟವನ್ನು ಯಾರೂ ಸರಿಯಾಗಿ ಎಣಿಸುವುದಿಲ್ಲ. ಅವರು ಎರಡು ಮನೆಗೂ ತಮ್ಮ ಮಾತನ್ನು ಒತ್ತೆಯಿಟ್ಟಿರುತ್ತಾರೆ. ಸಂಬಂಧ ಕೂಡಿದರೆ ಮದುವೆಯ ಗದ್ದಲದಲ್ಲಿ ಅವರನ್ನು ಮರೆಯುತ್ತಾರೆ, ಕೂಡದಿದ್ದರೆ ಎರಡು ಕಡೆಯ ಬೇಸರವೂ ಅವರ ಮೇಲೆಯೇ ಬೀಳುತ್ತದೆ. “ನನ್ನ ಮುಖ ಎಲ್ಲಿಡಲಿ? ಆ ಮನೆಯಲ್ಲಿ ಮುಂದಿನ ತಿಂಗಳು ಉಪನಯನ, ನಾನು ಹೋಗೋದು ಹೇಗೆ?” ಎಂದು ಅವರು ಕೋಪಿಸಿಕೊಂಡರು. ಹುಡುಗಿ ಮಾತ್ರ, “ಅತ್ತೆ, ನಿಮ್ಮಿಂದ ಏನೂ ತಪ್ಪಾಗಿಲ್ಲ ಅಂತ ಅಪ್ಪ ಅವರಿಗೂ ಹೇಳಿದ್ದಾರೆ” ಎಂದಳು. ಅದು ನಿಜವಾಗಿತ್ತು, ಬೆಳಗಿನ ಫೋನಿನಲ್ಲಿ ತಂದೆ ಆ ಮಾತನ್ನು ಬೇಕೆಂದೇ ಸೇರಿಸಿದ್ದರು. ಅತ್ತೆಯ ಕೋಪ ಅಂದು ಇಳಿಯಲಿಲ್ಲ. ಇಳಿಯಲೇಬೇಕೆಂದು ತಂದೆಮಗಳೂ ಕಾದು ಕೂರಲಿಲ್ಲ.

ಬೇಡವೆನ್ನುವವನು ಹುಡುಗನಾಗಿದ್ದಾಗಲೂ ಕ್ರಮ ಇದೇ. ಹೊಣೆ ಮಾತ್ರ ಹೆಚ್ಚು. ಹುಡುಗಿಯ ಮನೆಗೆ ಬಂದು, ನೋಡಿ, ಮಾತನಾಡಿ ಬೇಡವೆಂದರೆಂಬ ಸುದ್ದಿಯ ಭಾರ ಇಂದಿಗೂ ನಮ್ಮ ಸಮಾಜದಲ್ಲಿ ಹುಡುಗಿಯ ಮೇಲೆಯೇ ಬೀಳುವುದರಿಂದ, ಅವನು ಇನ್ನೂ ಬೇಗ ಹೇಳಬೇಕು. ಆದರೆ ಹಲವು ಹುಡುಗರು ಮಾಡುತ್ತಿರುವುದೇನೆಂದರೆ, ಹೇಳುವುದನ್ನೇ ಬಿಟ್ಟು ನಿಧಾನವಾಗಿ ಮರೆಯಾಗುವುದು: ದಿನವೂ ಬರುತ್ತಿದ್ದ ಫೋನು ವಾರಕ್ಕೊಮ್ಮೆಯಾಗುತ್ತದೆ, ಸಂದೇಶಕ್ಕೆ ಉತ್ತರ ಮರುದಿನ ಬರುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಇಲ್ಲವೆನ್ನಲು ಬಾಯಿ ಬಾರದ ಸಂಕೋಚವೇ ಇದಕ್ಕೆ ಮೂಲವೆಂದು ನಾನು ಬಲ್ಲೆ. ಆದರೆ ಆ ಸಂಕೋಚದ ಬೆಲೆಯನ್ನು ತೆರುವವಳು ಇನ್ನೊಂದು ಮನೆಯಲ್ಲಿ ಫೋನನ್ನು ಕೈಯಲ್ಲಿ ಹಿಡಿದು, ಇದು ಕೆಲಸದ ಒತ್ತಡವೋ ನಿರಾಕರಣೆಯೋ ಎಂದು ತಿಳಿಯದೆ, ತಂದೆಗೆ ಏನು ಹೇಳಬೇಕೆಂದೂ ತೋಚದೆ ಕುಳಿತಿರುವವಳು.

ಈವರೆಗೆ ಹೇಳಿದುದೆಲ್ಲ, ಮಕ್ಕಳ ಮಾತಿಗೆ ಬೆಲೆಯಿರುವ ಮನೆಗಳಿಗೆ ಸಂಬಂಧಿಸಿದ್ದು. ಬೇಡವೆಂದರೆ ಫೋನನ್ನು ಕಸಿದುಕೊಳ್ಳುವ, ಹೊರಗೆ ಹೋಗಗೊಡದ, ಹೊಡೆಯುವ ಮನೆಗಳೂ ಇವೆ. ಅಲ್ಲಿ ಸೌಜನ್ಯದ ಕ್ರಮವನ್ನು ಬೋಧಿಸುವುದು ಅಪಚಾರವಾದೀತು. ಅಂಥವರು ಮೊದಲು ಮನೆಯಿಂದ ಹೊರಗಿನ ನಂಬಿಕಸ್ಥರೊಬ್ಬರಿಗೆ ತಿಳಿಸಬೇಕು. ಹೆಣ್ಣುಮಕ್ಕಳಿಗೆ 181 ಎಂಬ ಸಹಾಯವಾಣಿಯಿದೆ. ಬಲಾತ್ಕಾರದಿಂದ ಪಡೆದ ಒಪ್ಪಿಗೆಯ ವಿವಾಹವನ್ನು ನ್ಯಾಯಾಲಯ ರದ್ದುಪಡಿಸಬಹುದೆಂದೂ, ಆ ಬಲಾತ್ಕಾರ ನಿಂತ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕೆಂದೂ ಹಿಂದೂ ವಿವಾಹ ಅಧಿನಿಯಮದ ಹನ್ನೆರಡನೆಯ ಕಲಮು ಹೇಳುತ್ತದೆ.

ಸಂಬಂಧ ಬೇಡವೆಂದ ಮೇಲೆ ಉಳಿಯುವ ಕೆಲವು ಸಣ್ಣ ಕರ್ತವ್ಯಗಳನ್ನೂ ಹೇಳಬೇಕು. ನೋಡುವ ದಿನ ಹುಡುಗಿಗೆ ಕುಂಕುಮ ಹೂವುಗಳೊಡನೆ ಕೊಟ್ಟ ರವಿಕೆ ಕಣವನ್ನು ಹಿಂದಿರುಗಿಸುವ ಪದ್ಧತಿಯಿಲ್ಲ. ಅದು ಮುತ್ತೈದೆಯರು ಹೆಣ್ಣುಮಕ್ಕಳಿಗೆ ಸಹಜವಾಗಿ ಸಲ್ಲಿಸುವ ಮರ್ಯಾದೆ, ಹಿಂದಿರುಗಿಸಿದರೆ ಅಪಮಾನವಾಗುತ್ತದೆ. ಆದರೆ ಉತ್ಸಾಹದಲ್ಲಿ ಸೀರೆಯನ್ನೋ ಬೆಳ್ಳಿಬಂಗಾರದ ಒಡವೆಯನ್ನೋ ಕೊಟ್ಟಿದ್ದರೆ ಅದನ್ನು ಮಧ್ಯಸ್ಥರ ಕೈಯಲ್ಲಿ ಆ ವಾರದಲ್ಲಿಯೇ ತಲುಪಿಸಬೇಕು. ಫೋನಿನಲ್ಲಿ ಉಳಿದಿರುವ ಭಾವಚಿತ್ರ, ಜಾತಕ, ಬಯೋಡೇಟಾಗಳನ್ನು ಅಳಿಸಬೇಕು. ತಂದೆತಾಯಿಗಳ ಫೋನುಗಳಲ್ಲಿಯೂ, ಉತ್ಸಾಹದಿಂದ ಕಳುಹಿಸಿದ್ದ ದೊಡ್ಡಮ್ಮ ಚಿಕ್ಕಪ್ಪಂದಿರ ಫೋನುಗಳಲ್ಲಿಯೂ ಅವು ಇರುತ್ತವೆ. ಅವರಿಗೆ ಹೇಳಿ ಅಳಿಸಿಸಬೇಕು. ಲಕೋಟೆಯಲ್ಲಿ ಹಿಂದಿರುಗಿ ಬರುತ್ತಿದ್ದ ಭಾವಚಿತ್ರಕ್ಕೆ ಈಗ ಇದೇ ಪರ್ಯಾಯ. ನಮಗೆ ಬೇಡವಾದ ಹುಡುಗಿಯ ಬಯೋಡೇಟಾವನ್ನು ಬೇರೆಯವರಿಗೆ ಒಪ್ಪೀತೆಂಬ ಸದ್ಭಾವನೆಯಿಂದ ಮುಂದಕ್ಕೆ ಕಳುಹಿಸುವುದಾದರೂ, ಆ ಮನೆಯವರನ್ನು ಕೇಳದೆ ಕಳುಹಿಸಬಾರದು.

ಮುಂದೆ ಬೇರೆ ಸಂಬಂಧದವರು ವಿಚಾರಿಸಲು ಬರುವುದುಂಟು. “ಆ ಮನೆಯ ಹುಡುಗನ್ನು ನೀವು ನೋಡಿದ್ದಿರಂತೆ, ಯಾಕೆ ಆಗಲಿಲ್ಲ?” ಎಂದು ಅವರು ಗುಟ್ಟಾಗಿ ಕೇಳುತ್ತಾರೆ. ಹಾಸನದವರನ್ನೂ ಹೀಗೆ ಕೇಳಿದರು. ಹುಡುಗಿಯ ತಾಯಿ, ಒಂದು ಕಾಲದಲ್ಲಿ ಈ ಸಂಬಂಧ ತಪ್ಪಿತೆಂದು ಊಟ ಬಿಟ್ಟಿದ್ದವರು, “ಋಣಾನುಬಂಧ ಕೂಡಿಬರಲಿಲ್ಲ. ಹುಡುಗ ಚಿನ್ನದಂಥವನು, ಮನೆಯವರೂ ಹಾಗೇ. ಧೈರ್ಯವಾಗಿ ಮುಂದುವರಿಸಿ” ಎಂದರು. ವಿಚಾರಿಸಲು ಬಂದಿದ್ದವರು ಇನ್ನೂ ಏನೋ ಇರಬೇಕೆಂದು ತುಸು ಹೊತ್ತು ಕಾದರು. ಆಕೆ ಕಾಫಿ ತರಲು ಒಳಗೆ ಹೋದರು.